ಲಿಫ್ಟೋ ಎಲಿವೇಟರೋ

ಇಂಗ್ಲಿಷ್ ವರ್ಣಮಾಲೆಯ ಕಟ್ಟಕಡೆಯ ಅಕ್ಷರವನ್ನು ನಾವು ಜೆಡ್ ಎನ್ನುತ್ತೇವೆ. ಅಮೆರಿಕದವರು ಅದನ್ನೇ ಜೀ ಎನ್ನುತ್ತಾರೆ. ಈ ಹೊತ್ತಿನ ಭಾಷಣದಲ್ಲಿ ಪದಗಳ ಅಕ್ಷರಗಳನ್ನು ಒಂದೊಂದಾಗಿ ಹೆಸರಿಸಿ ಹೇಳಬೇಕಾಗಿರುವುದರಿಂದ, ನಾವು ಜೆಡ್ ಪಕ್ಷದವರೆಂಬುದನ್ನು ಶ್ರೋತೃಗಳಿಗೆ ಮೊದಲೇ ಅರಿಕೆ ಮಾಡಿಬಿಡುವುದು ಒಳ್ಳೆಯದು. ಶಾಲೆಯಲ್ಲಿ ಕಲಿತದ್ದು ಹಾಗೆ. ಈಗ ಬದಲಾಯಿಸಿಕೊಳ್ಳುವ ವಯಸ್ಸಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಪತ್ರದ ಕರಡನ್ನು ತೆಗೆದುಕೊಂಡು ಮನೆಗೆ ಬಂದನು. ಅಮೆರಿಕದ ಒಂದು ವಿದ್ಯಾಸಂಸ್ಥೆಗೆ ಉನ್ನತ ವ್ಯಾಸಂಗಕ್ಕಾಗಿ ಬರೆದುಕೊಂಡ ಅರ್ಜಿ ಅದು. ಹಿಂದಿನ ವರ್ಷವೂ ಇಂಥದೇ ಅರ್ಜಿಯನ್ನು ಕಳುಹಿಸಿ ಅವನು ಒಂದು ಪೆಟ್ಟು ತಿಂದಿದ್ದನು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಈ ಸಲ ಅಂಚೆಗೆ ಹಾಕುವ ಮೊದಲು ಹಿರಿಯರೊಬ್ಬರು ನೋಡಲಿ ಎಂದು ಬಂದಿದ್ದನು.

‘ಮೇಷ್ಟ್ರೆ, ವ್ಯಾಕರಣದಲ್ಲಿ ತಪ್ಪೇನಾದರೂ ಇದೆಯೇ ನೋಡಿ’ ಎಂದನು.

ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಮೊದಲನೆಯ ಸಾಲಿನಲ್ಲಿ ‘ಪ್ರೋಗ್ರಾಂ’ ಎಂಬ ಪದವು ಒಂದೇ ಎಮ್ ಅಕ್ಷರದಿಂದ ಮುಗಿದಿತ್ತು. ಆರನೆಯ ಸಾಲಿನಲ್ಲಿ ಅದೇ ಪದಕ್ಕೆ ಇನ್ನೊಂದು ಎಮ್ ಮತ್ತು ಒಂದು ಇ ಬಾಲದಂತೆ ಅಂಟಿಕೊಂಡಿದ್ದವು. ‘ಸೆಂಟರ್’ ಒಂದು ಕಡೆ ಇ-ಆರ್ ಎಂದೂ ಇನ್ನೊಂದು ಕಡೆ ಆರ್-ಇ ಎಂದೂ ಇತ್ತು. ಯಾವುದೂ ಬಿಡಿಯಾಗಿ ತಪ್ಪಲ್ಲ. ಒಂದೇ ಪುಟದಲ್ಲಿ ಎರಡೂ ಸೇರಿದ್ದೇ ತಪ್ಪು. ಓದುವವರಿಗೆ ಇದು ಎರಡು ದೇಶಗಳ ಪದ್ಧತಿಯೆಂದು ತೋರುವುದಿಲ್ಲ. ಬರೆದವನು ತಾನು ಬರೆದದ್ದನ್ನು ಮತ್ತೊಮ್ಮೆ ಓದಿ ನೋಡಿಲ್ಲವೆಂದು ತೋರುತ್ತದೆ.

ಈ ಎರಡು ಪದ್ಧತಿಗಳಲ್ಲಿ ಒಂದು ಶುದ್ಧ, ಇನ್ನೊಂದು ಅದರ ಅಪಭ್ರಂಶ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಚರಿತ್ರೆಯು ಅದನ್ನು ಒಪ್ಪುವುದಿಲ್ಲ. 17ನೆಯ ಶತಮಾನದ ಇಂಗ್ಲೆಂಡಿನ ಅಚ್ಚಿನ ಪುಸ್ತಕಗಳಲ್ಲಿಯೇ ‘ಆನರ್’ ಪದವು ಯು ಅಕ್ಷರದೊಡನೆಯೂ ಅದಿಲ್ಲದೆಯೂ ಕಾಣಸಿಗುತ್ತದೆ. 1755ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯಲ್ ಜಾನ್ಸನ್ ಪಂಡಿತನ ನಿಘಂಟು ಹೊರಟಿತು. ಅವನು ಯು ಇರುವ ರೂಪವನ್ನು ಹಿಡಿದನು. 1806ರಲ್ಲಿ ಒಂದು ಸಣ್ಣ ನಿಘಂಟನ್ನೂ 1828ರಲ್ಲಿ ಎರಡು ಸಂಪುಟಗಳ ದೊಡ್ಡ ನಿಘಂಟನ್ನೂ ಪ್ರಕಟಿಸಿದ ಅಮೆರಿಕದ ನೋವಾ ವೆಬ್‌ಸ್ಟರನು ಯು ಇಲ್ಲದ ರೂಪವನ್ನು ಹಿಡಿದನು. ಉಚ್ಚಾರಣೆಯಲ್ಲಿ ಕೇಳಿಸದ ಅಕ್ಷರ ಬರಹದಲ್ಲಿ ಏತಕ್ಕೆ ಎಂಬುದು ಅವನ ವಾದ. ಜಾನ್ಸನ್ನನು ‘ಮ್ಯೂಸಿಕ್’ ಪದದ ಕೊನೆಗೆ ಸಿ ಆದ ಮೇಲೆ ಒಂದು ಕೆ ಅಕ್ಷರವನ್ನೂ ಬರೆಯುತ್ತಿದ್ದನು. ವೆಬ್‌ಸ್ಟರನು ಅದನ್ನು ಕಿತ್ತುಹಾಕಿದನು. ಇಂದು ಇಂಗ್ಲೆಂಡಿನವರೂ ಆ ಕೆ ಅಕ್ಷರವನ್ನು ಬರೆಯುವುದಿಲ್ಲ. ಆದರೆ ‘ಟಂಗ್’ ಎಂಬುದನ್ನು ಟಿ-ಯು-ಎನ್-ಜಿ ಎಂದು ಬರೆಯಬೇಕೆಂದು ಅವನು ಸೂಚಿಸಿದಾಗ ಅವನ ದೇಶದವರೇ ಅವನ ಮಾತನ್ನು ಕೇಳಲಿಲ್ಲ. ಹೀಗೆ ಕೆಲವು ನಿಂತವು, ಕೆಲವು ಬಿದ್ದವು. ಆದುದರಿಂದಲೇ ಅಮೆರಿಕದ ಪದ್ಧತಿಯನ್ನು ಒಂದೇ ಸೂತ್ರದಿಂದ ಕಟ್ಟಿಹಾಕಲು ಬರುವುದಿಲ್ಲ.

ನಮ್ಮ ವಿದ್ಯಾರ್ಥಿಯು ಎಡವಿದ್ದು ಈ ಸ್ಥಳದಲ್ಲಿಯೇ. ಪತ್ರವು ಅಮೆರಿಕಕ್ಕೆ ಹೋಗತಕ್ಕದ್ದಾದ್ದರಿಂದ ಎಲ್ಲವನ್ನೂ ಅಮೆರಿಕದ ರೀತಿಗೆ ತಿದ್ದಿಕೊಂಡು ಬಾರೆಂದು ನಾವು ಹೇಳಿ ಕಳುಹಿಸಿದೆವು. ಇಂಗ್ಲೆಂಡಿನ ರೀತಿಯಲ್ಲಿದ್ದರೂ ಅಲ್ಲಿಯವರು ಓದಿಕೊಳ್ಳುತ್ತಾರೆ. ಆದರೆ ಅವನ ಕರಡಿನಲ್ಲಿ ಅಮೆರಿಕದ ರೂಪಗಳೇ ಹೆಚ್ಚಾಗಿದ್ದವು. ಮರುದಿನ ಅವನು ಅಕ್ಷರಗಳನ್ನು ಧಾರಾಳವಾಗಿ ಕಳೆದುಕೊಂಡು ಬಂದನು. ‘ಅಮೆರಿಕದವರದೆಲ್ಲ ಚಿಕ್ಕದು’ ಎಂಬ ಸೂತ್ರವನ್ನು ಅವನೇ ಮಾಡಿಕೊಂಡಿದ್ದನು. ‘ಕಲರ್’ ಪದದಿಂದ ಯು ಹೋಗಿತ್ತು, ಸರಿ. ‘ಟ್ರಾವೆಲ್ಡ್’ ಎಂಬಲ್ಲಿ ಎರಡು ಎಲ್ ಹೋಗಿ ಒಂದು ಉಳಿದಿತ್ತು, ಅದೂ ಸರಿ. ಅದೇ ಭರದಲ್ಲಿ ‘ಎನ್‌ರೋಲ್‌ಮೆಂಟ್’ ಎಂಬಲ್ಲಿಯೂ ‘ಫುಲ್‌ಫಿಲ್’ ಎಂಬುದರ ಕೊನೆಯಲ್ಲಿಯೂ ಒಂದೊಂದೇ ಎಲ್ ಉಳಿಸಿದ್ದನು. ಇವೆರಡೂ ಅಪ್ಪಟ ಇಂಗ್ಲೆಂಡಿನ ರೂಪಗಳು! ಇಲ್ಲಿ ಎರಡು ಎಲ್ ಬರೆಯುವವರು ಅಮೆರಿಕದವರು.

ಇದಕ್ಕೆ ಕಾರಣವನ್ನು ತಿಳಿದುಕೊಂಡರೆ ಮರೆಯುವುದಿಲ್ಲ. ‘ಟ್ರಾವೆಲ್’ ಪದವನ್ನು ಉಚ್ಚರಿಸುವಾಗ ಒತ್ತು ಬೀಳುವುದು ಮೊದಲನೆಯ ಭಾಗದ ಮೇಲೆ. ಒತ್ತು ಕೊನೆಯ ಭಾಗದ ಮೇಲೆ ಬಿದ್ದರೆ ಮಾತ್ರ, ಪ್ರತ್ಯಯ ಸೇರುವಾಗ ಅಮೆರಿಕದವರು ವ್ಯಂಜನವನ್ನು ಇಮ್ಮಡಿಸುತ್ತಾರೆ. ಇಂಗ್ಲೆಂಡಿನವರು ಎಲ್ ಅಕ್ಷರದ ವಿಷಯದಲ್ಲಿ ಒತ್ತನ್ನು ನೋಡದೆ ಇಮ್ಮಡಿಸುತ್ತಾರೆ. ಆದ್ದರಿಂದ ‘ಕಂಟ್ರೋಲ್ಡ್’ ಎಂಬುದು ಎರಡು ದೇಶಗಳಲ್ಲಿಯೂ ಎರಡು ಎಲ್. ‘ಟ್ರಾವೆಲ್ಡ್’ ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು. ‘ಎನ್‌ರೋಲ್’, ‘ಫುಲ್‌ಫಿಲ್’ ಎಂಬವುಗಳ ಕಥೆಯೇ ಬೇರೆ. ಇಲ್ಲಿ ಪ್ರತ್ಯಯದ ಪ್ರಶ್ನೆಯಿಲ್ಲ. ಮೂಲಪದವೇ ಅಮೆರಿಕದಲ್ಲಿ ಎರಡು ಎಲ್ ಅಕ್ಷರಗಳಿಂದ ಮುಗಿಯುತ್ತದೆ.

ಇದೇ ತೆರನಾದ ತೊಡಕು ‘ಪ್ರಾಕ್ಟೀಸ್’, ‘ಲೈಸೆನ್ಸ್’ ಎಂಬ ಜೋಡಿಯಲ್ಲಿದೆ. ಇಂಗ್ಲೆಂಡಿನವರು ಈ ಎರಡನ್ನೂ ನಾಮಪದವಾದರೆ ಸಿ, ಕ್ರಿಯಾಪದವಾದರೆ ಎಸ್ ಹಾಕಿ ಬರೆಯುತ್ತಾರೆ. ಸಂದೇಹ ಬಂದರೆ ‘ಅಡ್ವೈಸ್’ ಪದವನ್ನು ನೆನೆದುಕೊಳ್ಳಬಹುದು. ಅಲ್ಲಿ ನಾಮಕ್ಕೂ ಕ್ರಿಯೆಗೂ ಉಚ್ಚಾರಣೆಯೇ ಬೇರೆಯಾದ್ದರಿಂದ ಕಿವಿಯೇ ದಾರಿ ತೋರಿಸುತ್ತದೆ. ಅದರಲ್ಲಿ ಸಿ ಬರುವ ಸ್ಥಾನದಲ್ಲಿ ಇವುಗಳಿಗೂ ಸಿ. ಅಮೆರಿಕದವರು ಈ ಭೇದವನ್ನು ಬಿಟ್ಟುಬಿಟ್ಟರು. ಬಿಟ್ಟದ್ದೇನೋ ಸರಿ, ಆದರೆ ‘ಪ್ರಾಕ್ಟೀಸ್’ ಎಂಬುದಕ್ಕೆ ಎಲ್ಲೆಲ್ಲಿಯೂ ಸಿ ಎಂದೂ ‘ಲೈಸೆನ್ಸ್’ ಎಂಬುದಕ್ಕೆ ಎಲ್ಲೆಲ್ಲಿಯೂ ಎಸ್ ಎಂದೂ ಗೊತ್ತುಮಾಡಿಕೊಂಡರು. ಇದಕ್ಕೆ ಯುಕ್ತಿಯನ್ನು ಹುಡುಕಹೊರಟರೆ ತಲೆನೋವು ಮಾತ್ರ ಲಭ್ಯ.

ಇನ್ನು ನಮ್ಮ ಜೆಡ್ ಅಕ್ಷರದ ವಿಚಾರ. ‘ಆರ್ಗನೈಸ್’, ‘ರೆಕಗ್ನೈಸ್’ ಮುಂತಾದ ಪದಗಳನ್ನು ಎಸ್ ಹಾಕಿ ಬರೆದರೆ ಇಂಗ್ಲೆಂಡಿನದು, ಜೆಡ್ ಹಾಕಿ ಬರೆದರೆ ಅಮೆರಿಕದ್ದು ಎಂದು ಎಲ್ಲರೂ ಹೇಳುತ್ತಾರೆ, ಉಪಾಧ್ಯಾಯರೂ ಹೇಳುತ್ತಾರೆ. ನಾವೂ ಬಹುಕಾಲ ಹಾಗೆಯೇ ಹೇಳಿಕೊಡುತ್ತಿದ್ದೆವೆಂದು ಒಪ್ಪಿಕೊಳ್ಳಬೇಕು. ಇದು ಅರ್ಧ ಸತ್ಯ. ಅಮೆರಿಕದವರು ಜೆಡ್ ಬರೆಯುವುದು ನಿಜ. ಆದರೆ ಆಕ್ಸ್‌ಫರ್ಡಿನ ಮಹಾನಿಘಂಟು ಕೂಡ ಜೆಡ್ ರೂಪವನ್ನೇ ಮುಂದಿಡುತ್ತದೆ. ಆ ಪ್ರತ್ಯಯವು ಗ್ರೀಕ್ ಭಾಷೆಯಿಂದ ಬಂದದ್ದು, ಮೂಲದಲ್ಲಿ ಇದ್ದುದು ಜೆಡ್ ಧ್ವನಿಯ ಅಕ್ಷರ, ಆದ್ದರಿಂದ ಅದೇ ಇರಲಿ ಎಂಬುದು ಅದರ ನ್ಯಾಯ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು 1990ರ ದಶಕದವರೆಗೂ ಜೆಡ್ ಬರೆಯುತ್ತಿತ್ತು. ಜಿನೀವಾ ನಗರದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಇಂಗ್ಲಿಷ್ ಹೆಸರನ್ನು ನೋಡಿರಿ. ‘ಲೇಬರ್’ ಎಂಬಲ್ಲಿ ಯು ಉಂಟು, ‘ಆರ್ಗನೈಸೇಷನ್’ ಎಂಬಲ್ಲಿ ಜೆಡ್ ಉಂಟು. ಎರಡು ದೇಶಗಳ ಪದ್ಧತಿಯನ್ನು ಕಲಸಿದ್ದಾರೆಂದು ಮೇಲ್ನೋಟಕ್ಕೆ ತೋರಿದರೂ ಅದು ಆಕ್ಸ್‌ಫರ್ಡಿನ ಪದ್ಧತಿ. ಅದರಲ್ಲಿ ದೋಷವೇನೂ ಇಲ್ಲ.

ಜೆಡ್ ಹಿಡಿದವರು ಎಚ್ಚರದಿಂದಿರಬೇಕಾದ ಸ್ಥಳವೊಂದುಂಟು. ‘ಅಡ್ವೈಸ್’ ಕ್ರಿಯಾಪದ, ‘ಸರ್‌ಪ್ರೈಸ್’, ‘ಎಕ್ಸರ್‌ಸೈಸ್’, ‘ರಿವೈಸ್’, ‘ಸೂಪರ್‌ವೈಸ್’, ‘ಕಾಂಪ್ರಮೈಸ್’ ಇವುಗಳಲ್ಲಿ ಆ ಗ್ರೀಕ್ ಪ್ರತ್ಯಯವೇ ಇಲ್ಲ. ಕೊನೆಯ ಅಕ್ಷರಗಳು ಮೂಲಪದಕ್ಕೇ ಸೇರಿದವು. ಇವನ್ನು ಆಕ್ಸ್‌ಫರ್ಡಿನವರೂ ಅಮೆರಿಕದವರೂ ಎಸ್ ಹಾಕಿಯೇ ಬರೆಯುತ್ತಾರೆ. ‘ಅನಲೈಸ್’ ಇನ್ನೂ ಚಮತ್ಕಾರದ್ದು. ಅಮೆರಿಕದಲ್ಲಿ ಅದಕ್ಕೆ ಜೆಡ್. ಆಕ್ಸ್‌ಫರ್ಡಿನಲ್ಲಿ ಎಸ್, ಏಕೆಂದರೆ ಅದು ಬೇರೆ ಗ್ರೀಕ್ ಧಾತುವಿನಿಂದ ಬಂದದ್ದು. ನಮ್ಮ ದೇಶದೊಳಗಿನ ಕಚೇರಿಗಳಿಗೆ ಬರೆಯುವವರು ಎಸ್ ಹಿಡಿದರೆ ಈ ಗೋಜು ಬಹುಮಟ್ಟಿಗೆ ತಪ್ಪುತ್ತದೆ. ನಮ್ಮ ಸಂವಿಧಾನದ 40ನೆಯ ವಿಧಿಯು ಗ್ರಾಮ ಪಂಚಾಯಿತಿಗಳ ಸಂಘಟನೆಯನ್ನು ಹೇಳುವಾಗ ಎಸ್ ಬಳಸಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿಯೂ ಎಸ್ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿರುವುದು ಜೆಡ್. ಒಂದೇ ಪತ್ರದಲ್ಲಿ ಈ ಎರಡು ಸಂಸ್ಥೆಗಳ ಹೆಸರೂ ಬಂದರೆ? ಎರಡನ್ನೂ ಅವರವರು ಬರೆದುಕೊಂಡಂತೆಯೇ ಬರೆಯಬೇಕು. ಹೆಸರು ಅವರ ಸ್ವತ್ತು. ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ನಮ್ಮ ವಿದ್ಯಾರ್ಥಿಯು ತಾನು ಎರಡು ವರ್ಷ ಕೆಲಸ ಮಾಡಿದ ಬೆಂಗಳೂರಿನ ಸಂಶೋಧನಾಲಯದ ಹೆಸರಿನಲ್ಲಿದ್ದ ‘ಸೆಂಟರ್’ ಪದವನ್ನೂ ಅಮೆರಿಕದ ರೀತಿಗೆ ತಿರುಗಿಸಿಬಿಟ್ಟಿದ್ದನು. ಅವನ ಪ್ರಮಾಣಪತ್ರದಲ್ಲಿ ಆರ್-ಇ ಎಂದು ಅಚ್ಚಾಗಿರುವಾಗ ಪತ್ರದಲ್ಲಿ ಇ-ಆರ್ ಎಂದಿದ್ದರೆ, ಎರಡನ್ನೂ ಎದುರಿಗಿಟ್ಟುಕೊಂಡು ನೋಡುವ ಗುಮಾಸ್ತನಿಗೆ ಸಂಶಯ ಬಂದರೆ ಆಶ್ಚರ್ಯವಿಲ್ಲ.

ಯು ಅಕ್ಷರದ ಬಗ್ಗೆ ಒಂದೇ ಮಾತು. ಇಂಗ್ಲೆಂಡಿನ ಪದ್ಧತಿಯನ್ನು ಹಿಡಿದವರು ಅದನ್ನು ಎಲ್ಲೆಡೆ ತುರುಕಬಾರದು. ‘ಆನರ್’ ಎಂಬಲ್ಲಿ ಯು ಇದೆ, ‘ಆನರಬಲ್’ ಎಂಬಲ್ಲಿಯೂ ಇದೆ. ‘ಆನರರಿ’ ಎಂಬಲ್ಲಿ ಇಲ್ಲ. ‘ಹ್ಯೂಮರ್’ ಯು ಉಳ್ಳದ್ದು, ‘ಹ್ಯೂಮರಸ್’ ಯು ಇಲ್ಲದ್ದು. ಗೌರವ ಕಾರ್ಯದರ್ಶಿಗಳ ಹೆಸರಿನ ಮುಂದೆ ಈ ಹೆಚ್ಚಿನ ಯು ಅಚ್ಚಾಗಿರುವ ಆಮಂತ್ರಣಪತ್ರಗಳನ್ನು ನಾವು ಅನೇಕ ಸಲ ನೋಡಿದ್ದೇವೆ.

ಇಷ್ಟು ಕಾಗುಣಿತದ ಮಾತಾಯಿತು. ಕಾಗುಣಿತದಲ್ಲಿ ತಪ್ಪಿದರೆ ಅಂದಗೆಡುತ್ತದೆ. ಪದದಲ್ಲಿ ತಪ್ಪಿದರೆ ಅರ್ಥವೇ ಕೆಡಬಹುದು. ಆದರೆ ಎಲ್ಲ ಪದಗಳೂ ಹಾಗಲ್ಲ. ನಮ್ಮ ಭಾಷಣದ ತಲೆಬರಹದಲ್ಲಿರುವ ಜೋಡಿಯನ್ನೇ ತೆಗೆದುಕೊಳ್ಳಿ. ಮೇಲಕ್ಕೂ ಕೆಳಕ್ಕೂ ಜನರನ್ನು ಒಯ್ಯುವ ಆ ಪೆಟ್ಟಿಗೆಗೆ ಇಂಗ್ಲೆಂಡಿನವರೂ ನಾವೂ ಲಿಫ್ಟ್ ಎನ್ನುತ್ತೇವೆ. 1857ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಒಂದು ದೊಡ್ಡ ಅಂಗಡಿಯಲ್ಲಿ ಓಟಿಸ್ ಎಂಬಾತನು ಜನರಿಗಾಗಿ ಅದನ್ನು ಕೂಡಿಸಿದ ದೇಶದಲ್ಲಿ ಅದಕ್ಕೆ ಎಲಿವೇಟರ್ ಎಂದು ಹೆಸರು. ಲಿಫ್ಟಿನಲ್ಲಿ ಬನ್ನಿ ಎಂದು ಬರೆದರೆ ಅಮೆರಿಕದವನು ನಕ್ಕಾನು, ದಾರಿ ತಪ್ಪಲಾರನು. ಫ್ಲಾಟ್ ಮತ್ತು ಅಪಾರ್ಟ್‌ಮೆಂಟ್, ಪೆಟ್ರೋಲ್ ಮತ್ತು ಗ್ಯಾಸೊಲೀನ್ ಇವೂ ಹೀಗೆಯೇ; ಬರೆದವನು ಯಾವ ಕಡೆಯವನೆಂಬುದನ್ನು ತಿಳಿಸುತ್ತವೆ, ಅಷ್ಟೆ.

ಆದರೆ ಲಿಫ್ಟಿನಿಂದ ಇಳಿಯಬೇಕಾದ ಅಂತಸ್ತಿನ ಮಾತು ಬೇರೆ. ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ನೆಲದ ಮಟ್ಟದ್ದು ಗ್ರೌಂಡ್ ಫ್ಲೋರ್. ಒಂದು ಮೆಟ್ಟಿಲಸಾಲು ಹತ್ತಿದ ಮೇಲೆ ಸಿಕ್ಕುವುದು ಫಸ್ಟ್ ಫ್ಲೋರ್. ಅಮೆರಿಕದವರು ಸಾಮಾನ್ಯವಾಗಿ ನೆಲದ ಮಟ್ಟದ್ದನ್ನೇ ಫಸ್ಟ್ ಫ್ಲೋರ್ ಎನ್ನುವುದರಿಂದ ಅವರಿಗೆ ನಮ್ಮ ಮೊದಲನೆಯದು ಎರಡನೆಯದಾಗುತ್ತದೆ. ಇಲ್ಲಿ ಪದವು ಎರಡು ಕಡೆಯೂ ಒಂದೇ. ಅದು ತೋರಿಸುವ ಸ್ಥಳ ಮಾತ್ರ ಬೇರೆ. ಅಪರಿಚಿತ ಪದವನ್ನು ಕಂಡರೆ ಓದುವವನು ನಿಂತು ವಿಚಾರಿಸುತ್ತಾನೆ. ಪರಿಚಿತ ಪದವೇ ಬೇರೆ ಅರ್ಥದಲ್ಲಿದ್ದರೆ ನಿಲ್ಲುವುದಿಲ್ಲ. ಆದ್ದರಿಂದಲೇ ಇಂಥವು ಹೆಚ್ಚು ಅಪಾಯಕರ. ಕಚೇರಿಗೆ ಯಾರನ್ನಾದರೂ ಬರಹೇಳುವ ಪತ್ರದಲ್ಲಿ ‘ಬೀದಿಯ ಬಾಗಿಲಿನಿಂದ ಒಂದು ಅಂತಸ್ತು ಮೇಲೆ’ ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಯಾರಿಗೂ ತೊಂದರೆಯಿಲ್ಲ.

ಸಭೆಗಳ ವ್ಯವಹಾರದಲ್ಲಿ ‘ಟೇಬಲ್’ ಎಂಬ ಕ್ರಿಯಾಪದವು ಇದೇ ಜಾತಿಯದು. ಒಂದು ಸೂಚನೆಯನ್ನು ಟೇಬಲ್ ಮಾಡುವುದೆಂದರೆ ಇಂಗ್ಲೆಂಡಿನಲ್ಲಿ ಅದನ್ನು ಚರ್ಚೆಗೆ ಮಂಡಿಸುವುದು. ಅಮೆರಿಕದಲ್ಲಿ ಅದನ್ನು ಚರ್ಚೆಗೆ ತೆಗೆದುಕೊಳ್ಳದೆ ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡು ದೇಶಗಳ ಸೇನಾಧಿಕಾರಿಗಳು ಕಲೆತಾಗ ಬ್ರಿಟಿಷರು ಒಂದು ಜರೂರಿನ ಕಾಗದವನ್ನು ಟೇಬಲ್ ಮಾಡಬೇಕೆಂದರಂತೆ, ಅಮೆರಿಕದವರು ಕೂಡದೆಂದರಂತೆ. ಬಹಳ ಹೊತ್ತು ಬಿಸಿಬಿಸಿಯಾಗಿ ವಾದ ನಡೆದ ಮೇಲೆ ಇಬ್ಬರ ಇಚ್ಛೆಯೂ ಒಂದೇ ಎಂದು ಗೊತ್ತಾಯಿತೆಂದು ಚರ್ಚಿಲ್ಲರು ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದಿದ್ದಾರೆ.

ನಮ್ಮ ವಿದ್ಯಾರ್ಥಿಯ ಪತ್ರದಲ್ಲಿ ಇಂಥವು ಎರಡು ಸಿಕ್ಕಿದವು. ತಾನು ಪಬ್ಲಿಕ್ ಸ್ಕೂಲಿನಲ್ಲಿ ಓದಿದವನೆಂದು ಅವನು ಬರೆದಿದ್ದನು. ಅವನು ಓದಿದ್ದು ಸಂಬಳ ಕೊಟ್ಟು ಸೇರುವ ಖಾಸಗಿ ಶಾಲೆಯಲ್ಲಿ. ಇಂಗ್ಲೆಂಡಿನಲ್ಲಿ ಈಟನ್, ಹ್ಯಾರೋ ಮುಂತಾದ ಹಳೆಯ ಖಾಸಗಿ ಶಾಲೆಗಳಿಗೆ ಪಬ್ಲಿಕ್ ಸ್ಕೂಲ್ ಎಂಬ ಹೆಸರು ನಿಂತುಹೋಗಿದೆ. ನಮ್ಮ ಖಾಸಗಿ ಶಾಲೆಗಳೂ ಆ ಹೆಸರಿಟ್ಟುಕೊಳ್ಳುವುದುಂಟು. ಅಮೆರಿಕದಲ್ಲಿ ಅದರ ಅರ್ಥ ಸರ್ಕಾರದ ಹಣದಿಂದ ನಡೆಯುವ, ಶುಲ್ಕವಿಲ್ಲದ ಶಾಲೆ. ವಿದ್ಯಾರ್ಥಿವೇತನವನ್ನು ಕೇಳುವ ಅರ್ಜಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ತಾನರಿಯದೆಯೇ ಸುಳ್ಳು ಹೇಳಿದಂತಾಗುತ್ತಿತ್ತು. ಎರಡನೆಯದು, ತಾನು ಕಾಲೇಜಿನಿಂದ ‘ಪಾಸ್ ಔಟ್’ ಆದ ವರ್ಷವನ್ನು ಹೇಳಿದ್ದನು. ನಮ್ಮ ಊರುಗಳಲ್ಲಿ ಎಲ್ಲರೂ ಆಡುವ ಮಾತೇ. ಅಮೆರಿಕದವರ ಕಿವಿಗೆ ಅದು ಪ್ರಜ್ಞೆ ತಪ್ಪಿ ಬಿದ್ದನೆಂದು ಕೇಳಿಸುತ್ತದೆ. ‘ಗ್ರಾಜುಯೇಟ್’ ಎಂಬ ಕ್ರಿಯಾಪದವನ್ನು ಹಾಕಿಸಿದೆವು.

ಕೊನೆಯದು ತಾರೀಖು. ಹಿಂದಿನ ವರ್ಷದ ಪೆಟ್ಟೆಂದು ಹೇಳಿದೆವಷ್ಟೆ. ಆ ಸಲ ಅರ್ಜಿ ಸಲ್ಲಿಸುವ ಕಡೆಯ ದಿನವನ್ನು ಅಲ್ಲಿಯ ಸಂಸ್ಥೆಯೊಂದು 05/06 ಎಂದು ಅಂಕಿಗಳಲ್ಲಿ ತಿಳಿಸಿತ್ತು. ನಮ್ಮವನು ಜೂನ್ 5 ಎಂದು ಓದಿಕೊಂಡು ಮೇ ತಿಂಗಳ ಕೊನೆಯ ವಾರದಲ್ಲಿ ಸಾವಧಾನವಾಗಿ ಕಾಗದಗಳನ್ನು ಕಳುಹಿಸಿದನು. ಅಮೆರಿಕದವರು ಮೊದಲು ತಿಂಗಳನ್ನೂ ಆಮೇಲೆ ದಿನವನ್ನೂ ಬರೆಯುತ್ತಾರೆ. ಕಡೆಯ ದಿನ ಮೇ 6 ಆಗಿತ್ತು. ಒಂದು ವರ್ಷ ಹಾಗೆ ಹೋಯಿತು. ಮನೆಯಲ್ಲಿ ತಂದೆಗೆ ಇದನ್ನು ತಿಳಿಸಲು ಅವನಿಗೆ ಹದಿನೈದು ದಿನ ಧೈರ್ಯ ಬರಲಿಲ್ಲವಂತೆ. ಅಂಕಿಗಳಲ್ಲಿ ಮೊದಲನೆಯದು 12ಕ್ಕೆ ಮೇಲಿದ್ದರೆ ಅದು ತಿಂಗಳಾಗಲಾರದೆಂದು ಗೊತ್ತಾಗುತ್ತದೆ. ಎರಡೂ 12ರೊಳಗಿದ್ದರೆ ನೋಡಿ ತಿಳಿಯುವ ಉಪಾಯವಿಲ್ಲ, ಬರೆದು ಕೇಳಬೇಕು. ನಾವು ಬರೆಯುವಾಗಲಂತೂ ತಿಂಗಳ ಹೆಸರನ್ನು ಅಕ್ಷರಗಳಲ್ಲಿ ಬರೆಯುವುದಕ್ಕೆ ಎಷ್ಟು ಶಾಯಿ ವೆಚ್ಚವಾದೀತು? ಹಣದ ಮೊತ್ತವನ್ನು ಹೇಳುವಲ್ಲಿಯೂ ಅವನ ಪತ್ರದಲ್ಲಿ ‘ಲಾಖ್’ ಎಂದಿತ್ತು. ಇದು ಇಂಗ್ಲೆಂಡಿನವರಿಗೂ ಅಮೆರಿಕದವರಿಗೂ ಸಮಾನವಾಗಿ ತಿಳಿಯದ ಪದವಾದ್ದರಿಂದ, ಎರಡು ಲಕ್ಷವನ್ನು ಇನ್ನೂರು ಸಾವಿರವೆಂದು ಮಾಡಿ, ಅಂಕಿಯಲ್ಲಿ ಅಲ್ಪವಿರಾಮವನ್ನೂ ಅವರ ಲೆಕ್ಕದಂತೆ 200,000 ಎಂದು ಇಟ್ಟೆವು.

ಪತ್ರವನ್ನು ಶುದ್ಧಪ್ರತಿ ಮಾಡುವಾಗ ಅವನು ತನ್ನ ಬರಹದ ಯಂತ್ರದಲ್ಲಿ ಅಮೆರಿಕದ ಇಂಗ್ಲಿಷ್ ಎಂಬುದನ್ನು ಆರಿಸಿ ಪರೀಕ್ಷಿಸಿಕೊಂಡನು. ‘ಎನ್‌ರೋಲ್‌ಮೆಂಟ್’ ಎಂಬುದರ ಕೆಳಗೆ ಅದು ಕೆಂಪು ಗೆರೆ ಎಳೆಯಿತು, ಮೆಚ್ಚತಕ್ಕದ್ದೇ. ಆದರೆ ಸಂಶೋಧನಾಲಯದ ಹೆಸರಿನಲ್ಲಿದ್ದ ಸರಿಯಾದ ಆರ್-ಇ ರೂಪದ ಕೆಳಗೂ ಎಳೆಯಿತು. ಪಬ್ಲಿಕ್ ಸ್ಕೂಲಿನ ಕೆಳಗೆ ಎಳೆದಿರಲಿಲ್ಲ, 05/06 ಎಂಬಂಥ ತಾರೀಖಿನ ಕೆಳಗೆ ಎಂದೂ ಎಳೆಯಲಾರದು.

‘ಮೇಷ್ಟ್ರೆ, ಇನ್ನೊಂದು ಸಂದೇಹ’ ಎಂದು ಅವನು ಬಾಗಿಲ ಬಳಿ ನಿಂತು ಕೇಳಿದನು. ‘ಶಿಫಾರಸು ಪತ್ರವನ್ನು ನಮ್ಮ ಪ್ರೊಫೆಸರವರು ಇಂಗ್ಲೆಂಡಿನ ರೀತಿಯಲ್ಲಿ ಬರೆದುಕೊಟ್ಟಿದ್ದಾರೆ. ಅದನ್ನೂ ತಿದ್ದಿಸಲೇ?’

‘ಬೇಡಪ್ಪ’ ಎಂದೆವು. ‘ಅದು ಅವರ ಪತ್ರ, ಅವರ ರುಜು. ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿಯಲ್ಲಿದೆಯೋ ಇಲ್ಲವೋ?’

‘ಇದೆ.’

‘ಹಾಗಾದರೆ ಅದು ಇದ್ದಂತೆಯೇ ಹೋಗಲಿ.’

ಅರ್ಜಿಯು ಆ ಸಂಜೆಯ ಅಂಚೆಯಲ್ಲಿ ಹೋಯಿತು. ಮೇಲುಗಡೆ ತಿಂಗಳ ಹೆಸರು ಅಕ್ಷರಗಳಲ್ಲಿ ಪೂರ್ತಿಯಾಗಿತ್ತು.